ಸಂಭಾಷಣೆಗೆ ತುಟಿ ಹೊಂದಿಸುವುದು: ಬ್ಲೆಂಡ್ ಶೇಪ್ ಮತ್ತು ವೈಸೀಮ್‌ಗಳಿಂದ ಲಿಪ್ ಸಿಂಕ್, ಒಂದು ವಾಕ್ಯದ ಉದಾಹರಣೆಯೊಂದಿಗೆ

ಲಿಪ್ ಸಿಂಕ್ ಕಲಿಯುವವರು ಮೊದಲು ಮಾಡುವ ಕೆಲಸವೆಂದರೆ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಪ್ರತಿಯೊಂದಕ್ಕೂ ಒಂದು ಬಾಯಿಯ ಆಕಾರ ಕೊಟ್ಟು, ಎಲ್ಲವನ್ನೂ ಸಾಲಾಗಿ ಕೀಫ್ರೇಮ್ ಮಾಡುವುದು. ಪಾತ್ರ ಮಾತನಾಡುತ್ತದೆ, ಆದರೆ ಬಾಯಿ ಪಟಪಟನೆ ಬಡಿದುಕೊಳ್ಳುತ್ತದೆ. ನಿಜವಾದ ಬಾಯಿ ಹಾಗೆ ಕೆಲಸ ಮಾಡುವುದಿಲ್ಲ. ದವಡೆ ತನ್ನ ನಿಧಾನಗತಿಯಲ್ಲಿ ಏರಿಳಿಯುತ್ತದೆ, ತುಟಿಗಳು ಬೇಕಾದಲ್ಲಿ ಮಾತ್ರ ಸೇರುತ್ತವೆ ಅಥವಾ ದುಂಡಗಾಗುತ್ತವೆ, ನಾಲಿಗೆಯ ಕೆಲಸವಂತೂ ಬಹುಪಾಲು ಕಾಣುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ತುಟಿ ಮುಚ್ಚುವ ಕ್ಷಣಗಳನ್ನು ಮೊದಲು ನಿಖರವಾಗಿ ಇಟ್ಟು, ನಂತರ ದವಡೆಯನ್ನೂ ಆಮೇಲೆ ತುಟಿಯ ಆಕಾರವನ್ನೂ ಬೇರೆ ಬೇರೆ ಸುತ್ತುಗಳಲ್ಲಿ ಕಟ್ಟುವ ಕ್ರಮವನ್ನು ತೋರಿಸುತ್ತೇನೆ. ಬಳಸುವ ತಂತ್ರಾಂಶ ಬ್ಲೆಂಡರ್. ಅಲ್ಲಿ ಬ್ಲೆಂಡ್ ಶೇಪ್‌ಗೆ ಶೇಪ್ ಕೀ ಎನ್ನುತ್ತಾರೆ, ಅನ್‌ರಿಯಲ್‌ನಲ್ಲಿ ಮಾರ್ಫ್ ಟಾರ್ಗೆಟ್ ಎನ್ನುತ್ತಾರೆ. ಹೆಸರು ಯಾವುದಾದರೂ ಒಳಗಿನ ಲೆಕ್ಕ ಒಂದೇ.

ಲೆಕ್ಕ ಮತ್ತು ಅದರ ಮಿತಿ

ಒಂದು ಬ್ಲೆಂಡ್ ಶೇಪ್ ಎಂದರೆ ಸಹಜ ಮುಖದಿಂದ ಪ್ರತಿ ವರ್ಟೆಕ್ಸ್ ಎಷ್ಟು ಸರಿದಿದೆ ಎಂಬುದರ ಪಟ್ಟಿ. ತಂತ್ರಾಂಶ ಪ್ರತಿ ಆಕಾರದಲ್ಲಿ ಸರಿದ ದೂರವನ್ನು ಅದರ ಪ್ರಮಾಣದಿಂದ ಗುಣಿಸಿ, ಎಲ್ಲವನ್ನೂ ಸಹಜ ಮುಖಕ್ಕೆ ಕೂಡುತ್ತದೆ:

```
P = P0 + w1*(P1 - P0) + w2*(P2 - P0) + ...
```

ಇದರಿಂದ ಮೂರು ವಿಷಯಗಳು ಹೊರಡುತ್ತವೆ. ಮೊದಲನೆಯದು, ಎಲ್ಲ ಆಕಾರಗಳಲ್ಲೂ ವರ್ಟೆಕ್ಸ್‌ಗಳ ಸಂಖ್ಯೆ ಮತ್ತು ಕ್ರಮ ಒಂದೇ ಇರಬೇಕು. ಆದ್ದರಿಂದ ಮೆಶ್ ಪೂರ್ತಿ ಮುಗಿಯುವವರೆಗೆ ಶೇಪ್ ಕೀ ಸೇರಿಸಬೇಡಿ. ಬ್ಲೆಂಡರ್‌ನಲ್ಲಿ ಶೇಪ್ ಕೀ ಇರುವ ಮೆಶ್‌ಗೆ Mirror ಮಾಡಿಫೈಯರ್ ಅಪ್ಲೈ ಮಾಡಲು ಆಗುವುದಿಲ್ಲ. ಅದನ್ನು ಮೊದಲೇ ಮುಗಿಸಿಕೊಳ್ಳಿ.

ಎರಡನೆಯದು, ವರ್ಟೆಕ್ಸ್ ಸರಿಯುವುದು ಸರಳರೇಖೆಯಲ್ಲಿ. ದವಡೆ ಕಿವಿಯ ಬಳಿಯ ಕೀಲಿನ ಸುತ್ತ ತಿರುಗುತ್ತದೆ, ಅಂದರೆ ಗದ್ದ ಕಮಾನಿನಂತೆ ಚಲಿಸಬೇಕು. ಕೀಲಿನಿಂದ ಗದ್ದಕ್ಕೆ 10 ಸೆಂಟಿಮೀಟರ್ ದೂರವಿದ್ದು ದವಡೆ 20 ಡಿಗ್ರಿ ತೆರೆಯುವುದಾದರೆ, ಅರ್ಧ ತೆರೆದ ಸ್ಥಿತಿಯಲ್ಲಿ ಬ್ಲೆಂಡ್ ಶೇಪ್‌ನ ಗದ್ದ ಇರಬೇಕಾದ ಜಾಗಕ್ಕಿಂತ ಸುಮಾರು 1.5 ಮಿಲಿಮೀಟರ್ ಒಳಗಿರುತ್ತದೆ. ಕ್ಲೋಸಪ್‌ನಲ್ಲಿ ದವಡೆ ಕುಗ್ಗಿ ಹಿಗ್ಗಿದಂತೆ ಕಾಣಲು ಇದು ಸಾಕು. ಅದಕ್ಕಾಗಿ ದವಡೆಗೆ ಬೋನ್ ಬಳಸಿ, ತುಟಿಗೆ ಮಾತ್ರ ಬ್ಲೆಂಡ್ ಶೇಪ್ ಬಳಸುವುದು ಉತ್ತಮ. ಕೆಳಗಿನ ಹಲ್ಲು ಮತ್ತು ನಾಲಿಗೆ ದವಡೆಯ ಬೋನ್‌ಗೆ ಸೇರುತ್ತವೆ. ಮೇಲಿನ ಹಲ್ಲು ತಲೆಯ ಬೋನ್‌ಗೆ ಸೇರುತ್ತದೆ, ಎಂದಿಗೂ ಅಲುಗಾಡಬಾರದು. ಮಾತನಾಡುವಾಗ ಮೇಲಿನ ಹಲ್ಲು ಒಂದಿಷ್ಟು ಕದಲಿದರೂ ನೋಡುಗರಿಗೆ ಕೃತಕ ಹಲ್ಲು ಜಾರಿದಂತೆ ತೋರುತ್ತದೆ.

ಮೂರನೆಯದು, ಆಕಾರಗಳು ಕೂಡಿಕೊಳ್ಳುತ್ತವೆ, ಒಂದನ್ನೊಂದು ಅರಿಯುವುದಿಲ್ಲ. ಎರಡು ಆಕಾರಗಳು ಒಟ್ಟಿಗೆ ಬಂದಾಗ ಆಗುವ ತೊಂದರೆಯನ್ನು ನಾವೇ ಸರಿಪಡಿಸಬೇಕು. ಅದಕ್ಕೆ ಮುಂದೆ ಒಂದು ಭಾಗವನ್ನೇ ಮೀಸಲಿಟ್ಟಿದ್ದೇನೆ.

ಎಷ್ಟು ವೈಸೀಮ್ ಬೇಕು?

ಕಣ್ಣಿಗೆ ಒಂದೇ ರೀತಿ ಕಾಣುವ ಧ್ವನಿಗಳ ಗುಂಪಿಗೆ ವೈಸೀಮ್ ಎಂಬ ಹೆಸರನ್ನು 1968ರಲ್ಲಿ ಫಿಷರ್ ಎಂಬ ಸಂಶೋಧಕರು ಕೊಟ್ಟರು. ಪ, ಬ, ಮ ಮೂರೂ ಕಿವಿಗೆ ಬೇರೆ ಬೇರೆ. ಕಣ್ಣಿಗೆ ಒಂದೇ, ತುಟಿ ಸೇರಿಸುವುದು. ಮೆಟಾದ ಲಿಪ್ ಸಿಂಕ್ ವ್ಯವಸ್ಥೆಯಲ್ಲಿ 15 ವೈಸೀಮ್‌ಗಳಿವೆ, ಆಪಲ್‌ನ ಎಆರ್‌ಕಿಟ್‌ನಲ್ಲಿ ಇಡೀ ಮುಖಕ್ಕೆ 52 ಬ್ಲೆಂಡ್ ಶೇಪ್‌ಗಳಿವೆ. ಕೈಯಿಂದ ಅನಿಮೇಟ್ ಮಾಡುವವರಿಗೆ ಅಷ್ಟೊಂದು ಬೇಕಿಲ್ಲ. ದವಡೆಯನ್ನು ಬೇರೆ ಮಾಡಿದ ಮೇಲೆ ಕನ್ನಡಕ್ಕೆ ನಾನು ಬಳಸುವುದು ತುಟಿಯ ಐದು ಆಕಾರ ಮತ್ತು ನಾಲಿಗೆಯ ಒಂದು ಆಕಾರ.

`PP` ತುಟಿಗಳು ಒತ್ತಿ ಮುಚ್ಚಿದ ಆಕಾರ: ಪ, ಬ, ಭ, ಮ. `FF` ಕೆಳತುಟಿ ಮೇಲಿನ ಹಲ್ಲಿನ ಅಂಚಿಗೆ ತಾಗುವುದು. ಫೋನ್ ಎನ್ನುವಲ್ಲಿ ಇದು ಪೂರ್ತಿ ಬೇಕು. ವ ಎನ್ನುವಾಗ ಕೆಳತುಟಿ ಹಲ್ಲಿನ ಸಮೀಪಕ್ಕೆ ಬಂದು ನಿಲ್ಲುವುದರಿಂದ 0.4 ಅಥವಾ 0.5 ಸಾಕು. `ou` ಮುಂದೆ ಚಾಚಿದ ಚಿಕ್ಕ ದುಂಡು ಬಾಯಿ, ಉ ಊಗಳಿಗೆ. ಒ ಓಗಳಿಗೂ ಇದನ್ನೇ 0.5ರಷ್ಟು ಹಾಕಿ ದವಡೆಯನ್ನು ಇನ್ನಷ್ಟು ಇಳಿಸಿದರೆ ನಡೆಯುತ್ತದೆ, ಬಿಡುವಿದ್ದರೆ ಪ್ರತ್ಯೇಕ ಆಕಾರ ಮಾಡಿ. `E` ಬಾಯಿಯ ಮೂಲೆಗಳು ಅಗಲವಾಗುವುದು: ಇ, ಈ, ಎ, ಏ, ಯ. `SS` ಹಲ್ಲುಸಾಲುಗಳು ಹತ್ತಿರ ಬಂದು ತುಟಿ ತುಸು ತೆರೆದಿರುವುದು: ಚ, ಜ, ಶ, ಸ. ಕೊನೆಯದು `tongueUp`, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗುವುದು: ತ, ದ, ನ, ಲ.

ಅ, ಆಗಳಿಗೆ ಆಕಾರ ಬೇಡ, ದವಡೆ ತೆರೆದರೆ ಆಯಿತು. ಕ, ಗ, ಹಗಳಿಗೂ ಏನೂ ಬೇಡ. ಅವು ಬಾಯಿಯ ಹಿಂಭಾಗದಲ್ಲಿ ಅಥವಾ ಗಂಟಲಿನಲ್ಲಿ ಹುಟ್ಟುತ್ತವೆ, ತುಟಿ ಮುಂದಿನ ಸ್ವರಕ್ಕೆ ತಯಾರಾಗಿ ನಿಂತಿರುತ್ತದೆ. ಟ, ಡ, ಣ, ಳಗಳಲ್ಲಿ ನಾಲಿಗೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಎದುರಿನಿಂದ ನೋಡಿದಾಗ ಅದು ಹಲ್ಲಿನ ಮರೆಯಲ್ಲಿರುತ್ತದೆ. ಇಂಗ್ಲಿಷ್‌ಗಾಗಿ ಮಾಡಿದ ಸಿದ್ಧ ರಿಗ್‌ಗಳಲ್ಲಿ `TH` ಎಂಬ ಆಕಾರವಿದ್ದು ನಾಲಿಗೆ ಹಲ್ಲುಗಳ ನಡುವೆ ಹೊರಗೆ ಬರುತ್ತದೆ. ಅದನ್ನು ನಮ್ಮ ತ, ದಗಳಿಗೆ ಹಾಕಿದರೆ ಪಾತ್ರ ತೊದಲುತ್ತಿದೆ ಅನ್ನಿಸುತ್ತದೆ.

ಆಕಾರಗಳನ್ನು ಮಾಡುವಾಗ Object Data ಟ್ಯಾಬ್‌ನ Shape Keys ಪಟ್ಟಿಯಲ್ಲಿ ಮೊದಲು `Basis`, ನಂತರ ಒಂದೊಂದೇ ಹೆಸರು ಸೇರಿಸಿ. ತುಟಿಯ ಸುತ್ತ ವರ್ತುಲಾಕಾರದ ಎಡ್ಜ್ ಸಾಲುಗಳು ಇರಬೇಕು ಮತ್ತು ತುಟಿಯ ಮಡಿಕೆ ಬಾಯೊಳಗಿನವರೆಗೆ ಮುಂದುವರಿದಿರಬೇಕು, ಇಲ್ಲದಿದ್ದರೆ `ou` ಮಾಡುವಾಗ ಎಳೆಯಲು ಮಾಂಸವೇ ಇರುವುದಿಲ್ಲ. ದವಡೆಗೆ ರಿಗ್‌ನಲ್ಲಿ `jaw` ಎಂಬ ಒಂದು ಕಸ್ಟಮ್ ಪ್ರಾಪರ್ಟಿ ಮಾಡಿ, 0 ಎಂದರೆ ಮುಚ್ಚಿದ್ದು, 1 ಎಂದರೆ 20 ಡಿಗ್ರಿ ತೆರೆದದ್ದು ಎಂದು ಬೋನ್‌ಗೆ ಡ್ರೈವರ್ ಕೊಡಿ. ಆಗ ಎಲ್ಲ ನಿಯಂತ್ರಣಗಳೂ 0ಯಿಂದ 1ರೊಳಗೆ ಇರುತ್ತವೆ.

ಧ್ವನಿಯನ್ನು ಓದುವುದು

ಉದಾಹರಣೆಯ ವಾಕ್ಯ: "ಬಾಗಿಲು ಮುಚ್ಚಬೇಡ, ಅಪ್ಪ ಬರುತ್ತಾರೆ." ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದು ಫ್ರೇಮ್‌ಗೆ ಸುಮಾರು 42 ಮಿಲಿಸೆಕೆಂಡ್. ಧ್ವನಿಯನ್ನು Video Sequencer‌ಗೆ ಹಾಕಿ, ಟೈಮ್‌ಲೈನ್‌ನ Playback ಮೆನುವಿನಲ್ಲಿ Scrubbing ಆನ್ ಮಾಡಿ, Sync ಅನ್ನು Sync to Audio ಎಂದು ಇಡಿ. ಅಲೆಯ ಚಿತ್ರ ಕಾಣುವಂತೆ ಸ್ಟ್ರಿಪ್‌ನಲ್ಲಿ ವೇವ್‌ಫಾರ್ಮ್ ತೆರೆದುಕೊಳ್ಳಿ.

ಪ ಮತ್ತು ಬ ಹುಡುಕುವುದು ಸುಲಭ. ಅಲೆ ಕುಗ್ಗಿ ಸಪಾಟಾಗುತ್ತದೆ, ಆಮೇಲೆ ಥಟ್ಟನೆ ಒಂದು ಮೊನೆ ಏಳುತ್ತದೆ. ಸಪಾಟಾದ ಭಾಗವೇ ತುಟಿ ಮುಚ್ಚಿರುವ ಕಾಲ, ಮೊನೆ ತುಟಿ ಬಿಟ್ಟ ಕ್ಷಣ. ಮ ಎನ್ನುವಾಗ ಮೂಗಿನಿಂದ ಸದ್ದು ಬರುತ್ತಿರುವುದರಿಂದ ಅಲೆ ಪೂರ್ತಿ ಸಾಯುವುದಿಲ್ಲ, ಸಣ್ಣದಾಗುತ್ತದೆ ಅಷ್ಟೆ.

ಈ ವಾಕ್ಯದ ಧ್ವನಿಯಲ್ಲಿ ತುಟಿ ಮುಚ್ಚುವ ಜಾಗಗಳು ಐದು ಎಂದು ಗುರುತಿಸಿಕೊಂಡೆವು ಎನ್ನೋಣ: ಬಾ 8–9, ಮು 23–25, ಬೇ 35–36, ಪ್ಪ 57–61, ಬ 64–65. ಪ್ಪ ಮಾತ್ರ ಐದು ಫ್ರೇಮ್ ಹಿಡಿದಿರುವುದನ್ನು ಗಮನಿಸಿ. ಕನ್ನಡದಲ್ಲಿ ಒತ್ತಕ್ಷರ ಬಂದಾಗ ಮುಚ್ಚಿದ ಕಾಲ ಒಂಟಿ ವ್ಯಂಜನದ ಎರಡರಷ್ಟು ಅಥವಾ ಅದಕ್ಕೂ ಹೆಚ್ಚಾಗಬಹುದು. ಅಪ್ಪ, ಅಮ್ಮ, ಹಬ್ಬಗಳಲ್ಲಿ ತುಟಿಯನ್ನು ಎರಡೇ ಫ್ರೇಮ್ ಮುಚ್ಚಿ ಬಿಟ್ಟರೆ ಕಿವಿಗೆ ಪ್ಪ ಕೇಳಿಸುತ್ತದೆ, ಕಣ್ಣಿಗೆ ಪ ಕಾಣುತ್ತದೆ. ನೋಡುಗರಿಗೆ ತಪ್ಪು ಏನೆಂದು ಹೇಳಲು ಬರದಿದ್ದರೂ ಡಬ್ಬಿಂಗ್ ಹೊಂದಿಲ್ಲ ಅನ್ನಿಸಿಬಿಡುತ್ತದೆ.

ಮೊದಲ ಸುತ್ತು: ಮುಚ್ಚುವಿಕೆ

ಬೇರೆ ಏನನ್ನೂ ಮುಟ್ಟದೆ ಈ ಐದನ್ನು ಮಾತ್ರ ಕೀ ಮಾಡಿ. ಮುಖದ ಮೆಶ್ ಆಯ್ಕೆ ಮಾಡಿಕೊಂಡು ಈ ಸಣ್ಣ ಸ್ಕ್ರಿಪ್ಟ್ ಓಡಿಸಬಹುದು:

```python
import bpy

kb = bpy.context.object.data.shape_keys.key_blocks["PP"]
closures = [(8, 9), (23, 25), (35, 36), (57, 61), (64, 65)]

for a, b in closures:
    for frame, value in ((a-2, 0.0), (a, 1.0), (b, 1.0), (b+1, 0.0)):
        kb.value = value
        kb.keyframe_insert("value", frame=frame)
```

ಮುಚ್ಚಲು ಎರಡು ಫ್ರೇಮ್, ತೆರೆಯಲು ಒಂದು ಎಂದು ಇಟ್ಟದ್ದಕ್ಕೆ ಕಾರಣವಿದೆ. ಪ, ಬಗಳಲ್ಲಿ ಒಳಗೆ ಗಾಳಿ ಒತ್ತಿಕೊಂಡಿದ್ದು ತುಟಿಯನ್ನು ಥಟ್ಟನೆ ಬಿಡಿಸುತ್ತದೆ. ಮ ಎನ್ನುವಲ್ಲಿ ಆ ಒತ್ತಡವಿಲ್ಲ, ಆದ್ದರಿಂದ 26ರಲ್ಲಿರುವ ಸೊನ್ನೆಯ ಕೀಯನ್ನು 27ಕ್ಕೆ ಸರಿಸಿ. ನಂತರ Graph Editor‌ನಲ್ಲಿ ಎಲ್ಲ ಕೀಗಳನ್ನು ಆರಿಸಿ ಹ್ಯಾಂಡಲ್ ಪ್ರಕಾರವನ್ನು Auto Clamped ಮಾಡಿ. ಇದರಿಂದ 1ರಲ್ಲಿ ನಿಂತಿರಬೇಕಾದ ಭಾಗ ಸಪಾಟಾಗಿಯೇ ಉಳಿಯುತ್ತದೆ.

ಈಗ ಒಮ್ಮೆ ಓಡಿಸಿ ನೋಡಿ. ದವಡೆ ಕದಲುತ್ತಿಲ್ಲ, ಸ್ವರಗಳ ಸುಳಿವಿಲ್ಲ, ಆದರೂ ಐದು ಕಡೆ ತುಟಿ ಧ್ವನಿಯೊಂದಿಗೆ ಸರಿಯಾಗಿ ಬೀಳಬೇಕು. ಬೀಳದಿದ್ದರೆ ಮುಂದೆ ಹೋಗಬೇಡಿ. ನೋಡುಗರು ಆ ಎಂಬುದರ ಅಗಲವನ್ನು ಅಳೆಯುವುದಿಲ್ಲ, ಆದರೆ ಬ ಕೇಳಿಸಿದಾಗ ತುಟಿ ತೆರೆದಿದ್ದರೆ ತಕ್ಷಣ ಹಿಡಿಯುತ್ತಾರೆ.

ಎರಡನೆಯ ಸುತ್ತು: ದವಡೆ

ದವಡೆಯ ಕರ್ವ್‌ನಲ್ಲಿ ಉಬ್ಬುಗಳು ಅಕ್ಷರಗಳ ಸಂಖ್ಯೆಗಿಂತ ಕಡಿಮೆ ಇರಬೇಕು. ಈ ವಾಕ್ಯದಲ್ಲಿ ಹದಿಮೂರು ಅಕ್ಷರಗಳಿವೆ, ದೊಡ್ಡ ಉಬ್ಬುಗಳು ನಾಲ್ಕೇ: ಬಾ, ಬೇ, ವಾಕ್ಯದ ನಡುವಿನ ಅ, ಮತ್ತು ತ್ತಾ.

ಬಾ ಎನ್ನುವಲ್ಲಿ 12ನೇ ಫ್ರೇಮ್‌ಗೆ ದವಡೆ 0.7. ಅಲ್ಲಿಂದ ಗಿ, ಲು ದಾಟಿ 23ರ ಹೊತ್ತಿಗೆ 0.05ಕ್ಕೆ ಒಂದೇ ಇಳಿಜಾರಿನಲ್ಲಿ ಬರಲಿ. ಗಿಗೆ ಮತ್ತು ಲುಗೆ ಪ್ರತ್ಯೇಕ ಉಬ್ಬು ಬೇಡ. ಚ್ಚ 28ರಿಂದ 32ರವರೆಗೆ ಇರುತ್ತದೆ, ಆಗ ದವಡೆ 0.08 ದಾಟಬಾರದು, ಏಕೆಂದರೆ ಹಲ್ಲುಗಳು ಹತ್ತಿರವಿಲ್ಲದೆ ಆ ಸದ್ದು ಹುಟ್ಟುವುದೇ ಇಲ್ಲ. ಬೇ 39ರಲ್ಲಿ 0.4. ಡ ಎನ್ನುವಲ್ಲಿ ಬೆಲೆ ಅಲ್ಪ ಇಳಿದು, ಕೊನೆಯ ಅ ಮುಗಿದ ಮೇಲೆ 50ಕ್ಕೆ ಸೊನ್ನೆ. ಎರಡನೆಯ ಅರ್ಧ 54ರಲ್ಲಿ 0.5 ಇಂದ ಶುರುವಾಗುತ್ತದೆ, 57ಕ್ಕೆ 0.15 ಆಗುತ್ತದೆ. ತ್ತಾ ಎಂಬಲ್ಲಿ 77ಕ್ಕೆ 0.6, ರೆ ಎಂಬಲ್ಲಿ 0.3, ನಂತರ 90ರವರೆಗೆ ನಿಧಾನವಾಗಿ ಮುಚ್ಚಿಕೊಳ್ಳಲಿ. ಮಾತು ನಿಂತೊಡನೆ ಬಾಯಿ ಪಟ್ಟನೆ ಮುಚ್ಚಿದರೆ ಬೊಂಬೆಯ ಬಾಯಿಯಾಗುತ್ತದೆ.

ಈ ವಾಕ್ಯದ ಅತಿ ಕಷ್ಟದ ಜಾಗ ಪ್ಪ ಮತ್ತು ಬರುತ್ತಾರೆ ಎಂಬುದರ ಬ ನಡುವಿನ 62, 63ನೇ ಫ್ರೇಮ್‌ಗಳು. ತುಟಿ ಒಮ್ಮೆ ಬಿಟ್ಟು ಮತ್ತೆ ಮುಚ್ಚಲು ಇರುವುದು ಎರಡೇ ಫ್ರೇಮ್. ಇಲ್ಲಿ ದವಡೆಯನ್ನು 0.4ಕ್ಕೆ ತೆರೆದು ಮುಚ್ಚಲು ಹೋದರೆ ಗದ್ದ ನಡುಗಿದಂತೆ ಕಾಣುತ್ತದೆ. ದವಡೆಯನ್ನು 57ರಿಂದ 67ರವರೆಗೆ 0.15ರಲ್ಲೇ ನಿಲ್ಲಿಸಿ, ತುಟಿ ಮಾತ್ರ ಬಿಟ್ಟು ಸೇರಲಿ. ತುಟಿ ಮತ್ತು ದವಡೆಯನ್ನು ಬೇರೆ ಮಾಡಿದ್ದರ ಫಲ ಕಣ್ಣಿಗೆ ಕಾಣುವುದು ಇಂಥಲ್ಲಿ. ಇದೇ ವಿಚಾರವನ್ನು 2016ರಲ್ಲಿ ಪ್ರಕಟವಾದ ಜಾಲಿ ಎಂಬ ಸಂಶೋಧನೆ ವ್ಯವಸ್ಥಿತವಾಗಿ ಮಂಡಿಸಿತು: ಪಾತ್ರದ ಮಾತಿನ ಶೈಲಿಯನ್ನು ದವಡೆಯ ಅಕ್ಷ ಮತ್ತು ತುಟಿಯ ಅಕ್ಷ ಎಂದು ಬೇರ್ಪಡಿಸಿ ನಿಯಂತ್ರಿಸುವುದು. ಗೊಣಗುವ ಪಾತ್ರಕ್ಕೆ ಎರಡನ್ನೂ ತಗ್ಗಿಸಬಹುದು, ಕೂಗುವ ಪಾತ್ರಕ್ಕೆ ದವಡೆಯನ್ನು ಹಿಗ್ಗಿಸಬಹುದು, ತುಟಿಯ ಕೀಗಳನ್ನು ಮತ್ತೆ ಬರೆಯಬೇಕಾಗಿಲ್ಲ.

ಮೂರನೆಯ ಸುತ್ತು: ತುಟಿಯ ಆಕಾರ

ತುಟಿಯ ಆಕಾರಗಳು ತಮ್ಮ ಅಕ್ಷರಕ್ಕಿಂತ ಮೊದಲೇ ಬರುತ್ತವೆ. ಲು ಎನ್ನುವ ಮುನ್ನ, ಲ ಹೇಳುತ್ತಿರುವಾಗಲೇ ತುಟಿ ದುಂಡಗಾಗಿರುತ್ತದೆ. ನಮ್ಮ ವಾಕ್ಯದಲ್ಲಿ ಲು ಆದ ಕೂಡಲೇ ಮು ಇದೆ, ಹಾಗಾಗಿ ಎರಡು ಉಕಾರಗಳಿಗೆ ಎರಡು `ou` ಬೇಡ, ಒಂದೇ ಕಮಾನು ಸಾಕು: 18ರಲ್ಲಿ 0, 21ರಲ್ಲಿ 0.7, 27ರವರೆಗೆ ಹಾಗೆಯೇ ಹಿಡಿದು 31ಕ್ಕೆ 0. ಮ ಅಕ್ಷರದ ಮುಚ್ಚುವಿಕೆ ಈ ಕಮಾನಿನ ಒಳಗೇ ಬಂದು ಹೋಗುತ್ತದೆ. ಬೇ ಎನ್ನುವಲ್ಲೂ ಹಾಗೆಯೇ, ತುಟಿ ಮುಚ್ಚಿರುವ 35, 36ರಲ್ಲೇ `E` ಏರತೊಡಗಿ 38ಕ್ಕೆ 0.5 ಮುಟ್ಟಲಿ. ರುಗೆ `ou` 0.4 ಸಾಕು. ಚ್ಚಗೆ `SS` 0.6, ತ್ತಾದಲ್ಲಿ ತುಟಿಗೆ ಏನೂ ಬೇಡ. ಆದರೆ 72ರಿಂದ 75ರವರೆಗೆ `tongueUp` 1 ಇರಲಿ, ಏಕೆಂದರೆ ಮರುಕ್ಷಣ ಬಾಯಿ ಅಗಲವಾಗಿ ತೆರೆಯುವುದರಿಂದ ನಾಲಿಗೆ ಕೆಳಗಿಳಿಯುವುದು ಕಾಣುತ್ತದೆ. ಉಳಿದ ಲ, ರಗಳಿಗೆ ನಾಲಿಗೆಯನ್ನು ಕೀ ಮಾಡುವ ಶ್ರಮ ಕ್ಲೋಸಪ್‌ಗೆ ಮಾತ್ರ ತಕ್ಕದ್ದು.

ಎರಡು ಆಕಾರ ಸೇರಿದಾಗ

24ನೇ ಫ್ರೇಮ್‌ನಲ್ಲಿ ನಿಲ್ಲಿಸಿ ತುಟಿಯನ್ನು ಹತ್ತಿರದಿಂದ ನೋಡಿ. `PP` 1, `ou` 0.7. `PP` ತುಟಿಗಳನ್ನು ಪರಸ್ಪರ ಒತ್ತುತ್ತಿದೆ, `ou` ಅವುಗಳನ್ನು ಮುಂದಕ್ಕೆ ಚಾಚಿ ನಡುವೆ ರಂಧ್ರ ತೆರೆಯುತ್ತಿದೆ. ಕೂಡಿದಾಗ ಮುಂಭಾಗದಲ್ಲಿ ಒಂದು ಸೀಳು ಉಳಿಯುತ್ತದೆ. `PP` ಅನ್ನು 1ಕ್ಕಿಂತ ಹೆಚ್ಚಿಸಿ ಮುಚ್ಚಲು ನೋಡಿದರೆ ಮೂಲೆಗಳು ಒಂದರೊಳಗೊಂದು ತೂರಿಕೊಳ್ಳುತ್ತವೆ. `ou` ಅನ್ನು ತೆಗೆದರೆ ತುಟಿ ಮ ಎನ್ನುವ ಹೊತ್ತಿಗೆ ಹಿಂದೆ ಸರಿದು ಮತ್ತೆ ಚಾಚಿ ಕುಣಿಯುತ್ತದೆ. ಇದಕ್ಕೆ ಪರಿಹಾರ ತಿದ್ದುಪಡಿ ಆಕಾರ.

`PP` ಮತ್ತು `ou` ಎರಡನ್ನೂ 1ಕ್ಕೆ ಇಡಿ. `PP_ou` ಎಂಬ ಹೊಸ ಖಾಲಿ ಕೀ ಸೇರಿಸಿ ಅದರ ಬೆಲೆಯನ್ನೂ 1 ಮಾಡಿ. Shape Keys ಪಟ್ಟಿಯ ಕೆಳಗಿರುವ Shape Key Edit Mode ಗುಂಡಿ ಒತ್ತಿದರೆ ಎಡಿಟ್ ಮೋಡ್‌ನಲ್ಲೂ ಮೂರೂ ಕೂಡಿದ ಮುಖ ಕಾಣುತ್ತದೆ. ಈಗ ತುಟಿ ಚಾಚಿಯೇ ಮುಚ್ಚುವಂತೆ ವರ್ಟೆಕ್ಸ್‌ಗಳನ್ನು ಸರಿಪಡಿಸಿ. ಮುಗಿದ ಮೇಲೆ `PP_ou` ಬೆಲೆಯ ಮೇಲೆ ಬಲ ಕ್ಲಿಕ್ ಮಾಡಿ ಡ್ರೈವರ್ ಸೇರಿಸಿ. `PP`, `ou` ಎಂಬ ಹೆಸರಿನ ಎರಡು ವೇರಿಯಬಲ್‌ಗಳು ಕ್ರಮವಾಗಿ `key_blocks["PP"].value` ಮತ್ತು `key_blocks["ou"].value` ಕಡೆಗೆ ತೋರಲಿ, ಸೂತ್ರ:

```
PP * ou
```

ಗುಣಾಕಾರ ಏಕೆಂದರೆ ಎರಡರಲ್ಲಿ ಯಾವುದಾದರೂ 0 ಆದಾಗ ತಿದ್ದುಪಡಿಯೂ 0 ಆಗಬೇಕು. ದವಡೆ 0.15 ತೆರೆದಿರುವಾಗ ಪ್ಪದಲ್ಲಿ ತುಟಿ ಸೇರದಿದ್ದರೂ ಇದೇ ಉಪಾಯ. ದವಡೆಯನ್ನು 0.3ಕ್ಕೆ, `PP` ಅನ್ನು 1ಕ್ಕೆ ಇಟ್ಟು `PP_jaw` ಎಂಬ ತಿದ್ದುಪಡಿ ಮಾಡಿ. ಶೇಪ್ ಕೀಗಳು ಬೋನ್‌ಗಿಂತ ಮೊದಲು ಲೆಕ್ಕವಾಗುವುದರಿಂದ ಎಡಿಟ್ ಮೋಡ್‌ನಲ್ಲಿ Armature ಮಾಡಿಫೈಯರ್ ಕಾಣುವಂತೆ ಇಟ್ಟುಕೊಳ್ಳಿ. ಸೂತ್ರ `PP * min(jaw / 0.3, 1)`. ಎಆರ್‌ಕಿಟ್‌ನಲ್ಲಿ `jawOpen` ಜೊತೆಗೆ `mouthClose` ಎಂಬ ಬೇರೆ ಆಕಾರ ಇರುವುದು ಇದೇ ಕಾರಣಕ್ಕೆ.

ನಗುವಿನ ಆಕಾರ ಸೇರಿದಾಗಲೂ ಜಗಳ ಬರುತ್ತದೆ, ಏಕೆಂದರೆ ನಗು ಮೂಲೆಗಳನ್ನು ಹೊರಗೆ ಎಳೆಯುತ್ತದೆ, `ou` ಒಳಗೆ ಎಳೆಯುತ್ತದೆ. ಇದಕ್ಕೆ ತಿದ್ದುಪಡಿಗಿಂತ, `ou` ಏರಿದಾಗ ನಗುವನ್ನು ಅರ್ಧಕ್ಕೆ ಇಳಿಸಿದರೆ ಸಹಜವಾಗಿರುತ್ತದೆ. ನಾವು ನಗುತ್ತಾ ಊಟ ಎಂದಾಗ ಬಾಯಿಯ ನಗು ಸಡಿಲವಾಗಿ ಕೆನ್ನೆ, ಕಣ್ಣುಗಳಲ್ಲಿ ಉಳಿಯುತ್ತದೆ.

ಪರೀಕ್ಷೆ

ವ್ಯೂಪೋರ್ಟ್ ನಿಧಾನವಾದಾಗ Sync to Audio ಫ್ರೇಮ್‌ಗಳನ್ನು ಬಿಟ್ಟು ಓಡುತ್ತದೆ; ಎರಡು ಫ್ರೇಮ್‌ನ ಮುಚ್ಚುವಿಕೆ ಪೂರ್ತಿ ಮಾಯವಾಗಬಹುದು. ಆದ್ದರಿಂದ ತೀರ್ಮಾನವನ್ನು Viewport Render Animation ಮಾಡಿದ ವಿಡಿಯೊ ನೋಡಿಯೇ ಮಾಡಿ. ಮೊದಲು ಸದ್ದಿಲ್ಲದೆ ನೋಡಿ. ವಾಕ್ಯ ತಿಳಿದವರಿಗೆ ಮಾತು ಎಲ್ಲಿದೆ ಎಂದು ತುಟಿಯಿಂದಲೇ ಗೊತ್ತಾಗಬೇಕು, ಬಾಯಿ ಎಲ್ಲಿಯೂ ನಡುಗಬಾರದು. ನಡುಗಿದರೆ ಆ ಜಾಗದ ಕೀ ತೆಗೆಯಿರಿ, ಹೊಸದು ಸೇರಿಸಬೇಡಿ.

ನಂತರ ಸದ್ದಿನೊಂದಿಗೆ. ಎಲ್ಲ ಸರಿಯಿದ್ದೂ ಬಾಯಿ ಹಿಂದೆ ಬಿದ್ದಂತೆ ಅನ್ನಿಸಿದರೆ ತುಟಿ, ದವಡೆಯ ಕೀಗಳನ್ನೆಲ್ಲ ಒಟ್ಟಿಗೆ ಒಂದು ಫ್ರೇಮ್ ಮುಂಚೆ ತನ್ನಿ. ಪ್ರಸಾರಕ್ಕೆ ಸಂಬಂಧಿಸಿದ ಐಟಿಯು ಶಿಫಾರಸು BT.1359ರ ಪ್ರಕಾರ, ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದರೆ ಜನ ಗುರುತಿಸುತ್ತಾರೆ, ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗುರುತಿಸುವುದಿಲ್ಲ. ಅಂದರೆ ಬಾಯಿ ಒಂದೆರಡು ಫ್ರೇಮ್ ಮುಂದಿರುವುದು ಕ್ಷಮ್ಯ, ಒಂದು ಫ್ರೇಮ್‌ಗಿಂತ ಹೆಚ್ಚು ಹಿಂದಿರುವುದು ಅಲ್ಲ.

ಉದ್ದದ ಸಂಭಾಷಣೆಯಾದರೆ ಮೊದಲ ಕರಡಿಗೆ ರುಬಾರ್ಬ್ ಲಿಪ್ ಸಿಂಕ್ ಎಂಬ ಉಚಿತ ತಂತ್ರಾಂಶ ಸಹಾಯಕ. ಅದರ ಮಾಮೂಲಿ ಗುರುತಿಸುವಿಕೆ ಇಂಗ್ಲಿಷ್‌ಗಾಗಿ ಇರುವುದರಿಂದ ಕನ್ನಡಕ್ಕೆ ಹೀಗೆ ಓಡಿಸಬೇಕು:

```
rhubarb -r phonetic -o line.txt line.wav
```

ಬರುವ ಪಟ್ಟಿಯಲ್ಲಿ `A` ಎಂದರೆ ಮುಚ್ಚಿದ ಬಾಯಿ. ನೀವು ಅಲೆ ನೋಡಿ ಗುರುತಿಸಿದ ಮುಚ್ಚುವಿಕೆಗಳೊಂದಿಗೆ ಈ `A`ಗಳನ್ನು ಹೋಲಿಸಿ, ಒತ್ತಕ್ಷರಗಳ ಉದ್ದವನ್ನು ಕೈಯಿಂದಲೇ ತಿದ್ದಿ.

ಗೇಮ್ ಎಂಜಿನ್‌ಗೆ ಕಳಿಸುವ ಮುನ್ನ `PP_ou`, `PP_jaw` ಡ್ರೈವರ್‌ಗಳ ಬೆಲೆಯನ್ನು ಕೀಫ್ರೇಮ್‌ಗಳಾಗಿ ಬೇಕ್ ಮಾಡಿ, ಇಲ್ಲವೇ ಅದೇ ಗುಣಾಕಾರವನ್ನು ಎಂಜಿನ್‌ನಲ್ಲಿ ಬರೆಯಿರಿ. ಬ್ಲೆಂಡರ್‌ನ ಡ್ರೈವರ್ ಸೂತ್ರ ಅಲ್ಲಿ ಓಡುವುದಿಲ್ಲ. ಯೂನಿಟಿಯಲ್ಲಿ ಪ್ರಮಾಣ ಸಾಮಾನ್ಯವಾಗಿ 0ಯಿಂದ 100ರವರೆಗೆ ಇರುತ್ತದೆ. ಸ್ಕ್ರಿಪ್ಟ್‌ನಿಂದ 0.7 ಎಂದು ಬರೆದು ತುಟಿ ಕದಲಲೇ ಇಲ್ಲವೆಂದರೆ ಮೊದಲು ನೋಡಬೇಕಾದದ್ದು ಅದನ್ನೇ.